ಹಬ್ಬದ ಮನೆಯ ಹೊರಗೆ ನಿಂತ ಅಣ್ಣ

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಬರುವ ತಪ್ಪಿಹೋದ ಮಗನ ಕಥೆ ಚರ್ಚಿನ ಮೆಟ್ಟಿಲು ಹತ್ತದವರಿಗೂ ಗೊತ್ತು. ಅಪ್ಪ ಬದುಕಿರುವಾಗಲೇ ಕಿರಿಮಗ ತನ್ನ ಪಾಲು ಕೇಳಿ ಪಡೆಯುತ್ತಾನೆ. ದೂರದೇಶಕ್ಕೆ ಹೋಗಿ ಎಲ್ಲವನ್ನೂ ಕಳೆಯುತ್ತಾನೆ. ಬರಗಾಲ ಬಂದಾಗ ಹಂದಿ ಕಾಯುವ ಕೆಲಸಕ್ಕಿಳಿದು, ಕೊನೆಗೆ ಮನೆಯ ದಾರಿ ಹಿಡಿಯುತ್ತಾನೆ. ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ನಮ್ಮಲ್ಲಿ ಹೆಚ್ಚಿನವರ ನೆನಪಿನಲ್ಲಿ ಕಥೆ ಅಲ್ಲಿಗೆ ಮುಗಿದಿರುತ್ತದೆ. ಆದರೆ 22 ವಚನಗಳ ಈ ಕಥೆಯ ಕೊನೆಯ 8 ವಚನಗಳು ಅಣ್ಣನಿಗೆ ಸೇರಿದವು. ಆ ಅಣ್ಣನ ಕಣ್ಣಿನಿಂದ ಪ್ರಸಂಗ ಮಾಡಲು ಹೊರಟ ಬೋಧಕರಿಗೆ ಕಥೆ ಶುರುವಾಗುವುದೇ ಬೇರೆ ಜಾಗದಲ್ಲಿ: ಹೊಲದಲ್ಲಿ.

ಅವನು ಅಲ್ಲಿ ಕೆಲಸದಲ್ಲಿದ್ದಾನೆ. ತಮ್ಮ ಬಂದದ್ದು ಅವನಿಗೆ ಗೊತ್ತಿಲ್ಲ. ಕೊಬ್ಬಿಸಿದ ಕರು ಕಡಿದಾಗಿದೆ, ವಾದ್ಯ ಶುರುವಾಗಿದೆ, ಕುಣಿತವೂ ನಡೆದಿದೆ. ಅವನನ್ನು ಕರೆಯಲು ಹೊಲಕ್ಕೆ ಯಾರಾದರೂ ಹೋದರೆಂದು ಲೂಕ ಹೇಳುವುದಿಲ್ಲ. ದಿನದ ದುಡಿಮೆ ಮುಗಿಸಿ ಮನೆ ಹತ್ತಿರ ಬಂದವನು ತನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಒಬ್ಬ ಆಳನ್ನು ಕೇಳಿ ತಿಳಿಯಬೇಕಾಗುತ್ತದೆ. ಈ ಪ್ರಸಂಗವನ್ನು ಚೆನ್ನಾಗಿ ಮಾಡುವವರು ಇಲ್ಲಿ ಅವಸರಪಡುವುದಿಲ್ಲ. ಅಣ್ಣನಿಗೆ ಆದ ನೋವು ಹೊಟ್ಟೆಕಿಚ್ಚಿಗಿಂತ ಹಳೆಯದು, ಆಳವಾದದ್ದು ಎಂಬುದು ಈ ಒಂದು ವಿವರದಿಂದಲೇ ಕೇಳುವವರಿಗೆ ತಟ್ಟುತ್ತದೆ.

ಅವನ ಲೆಕ್ಕವನ್ನೂ ಬಿಡಿಸಿ ಹೇಳಬೇಕು. ಧರ್ಮೋಪದೇಶಕಾಂಡದ 21ನೇ ಅಧ್ಯಾಯದ ನಿಯಮದಂತೆ ಚೊಚ್ಚಲ ಮಗನಿಗೆ ಎರಡು ಪಾಲು. ಇಬ್ಬರೇ ಮಕ್ಕಳಿದ್ದರೆ ಆಸ್ತಿ ಮೂರು ಭಾಗವಾಗಿ ಎರಡು ಅಣ್ಣನಿಗೆ, ಒಂದು ತಮ್ಮನಿಗೆ. ಮನೆಯ ಜಮೀನು 30 ಎಕರೆ ಇತ್ತೆಂದುಕೊಳ್ಳೋಣ. ತಮ್ಮನ 10 ಎಕರೆ ಹಣವಾಗಿ ಕರಗಿಹೋಯಿತು. ಅಪ್ಪ ಆಸ್ತಿಯನ್ನು ಇಬ್ಬರಿಗೂ ಹಂಚಿದನೆಂದೇ ಲೂಕ ಬರೆಯುತ್ತಾನೆ. ಹಾಗಾದರೆ ಉಳಿದ 20 ಎಕರೆ, ಕೊಟ್ಟಿಗೆಯ ದನ, ಆಡಿನ ಹಿಂಡು ಎಲ್ಲವೂ ಅಣ್ಣನಿಗೆ ಸೇರಬೇಕಾದವು. ಅಪ್ಪ ಇರುವವರೆಗೆ ಯಜಮಾನಿಕೆ ಮಾತ್ರ ಅಪ್ಪನದು. ಈಗ ತಮ್ಮನ ಮೈಮೇಲಿನ ಉತ್ತಮ ನಿಲುವಂಗಿ, ಬೆರಳಿನ ಉಂಗುರ, ಕಾಲಿನ ಜೋಡು, ಊರವರ ಮುಂದೆ ಬಡಿಸಿದ ಕರುವಿನ ಮಾಂಸ, ಇವೆಲ್ಲ ಯಾರ ಪಾಲಿನಿಂದ ಹೋದವು? ಅವನ ಪಾಲಿನಿಂದ, ಅವನನ್ನು ಒಂದು ಮಾತೂ ಕೇಳದೆ.

ಇಷ್ಟನ್ನು ಹೇಳಿದ ಮೇಲೆ ಬೋಧಕರು ಅಣ್ಣನ ಬಾಯಿಂದಲೇ ಮಾತಾಡಿಸಬಹುದು. ನಾನಾದರೆ ಹೀಗೆ ಬರೆದುಕೊಳ್ಳುತ್ತೇನೆ:

“ಅವನು ಹೋದ ವರ್ಷ ಬಿತ್ತಿದವನು ನಾನು, ಕೊಯ್ದವನು ನಾನು. ಅಪ್ಪ ಸಂಜೆಯಾದರೆ ದಾರಿ ನೋಡುತ್ತ ನಿಲ್ಲುತ್ತಿದ್ದ. ಪಕ್ಕದಲ್ಲೇ ನಾನಿರುತ್ತಿದ್ದೆ, ಅಪ್ಪನ ಕಣ್ಣು ಮಾತ್ರ ದಾರಿಯ ಮೇಲೆ. ಊರವರು ತಮ್ಮನ ಸುದ್ದಿ ಕೇಳಿದಾಗ ತಲೆ ತಗ್ಗಿಸಿ ಉತ್ತರ ಕೊಟ್ಟವನೂ ನಾನೇ. ನಾನು ಒಂದು ದಿನವೂ ಎದುರು ಮಾತಾಡಲಿಲ್ಲ. ಗೆಳೆಯರ ಜೊತೆ ಕೂತು ಉಣ್ಣಲು ನನಗೊಂದು ಆಡಿನ ಮರಿ ಸಿಕ್ಕಿದ್ದಿಲ್ಲ. ಇವತ್ತು ಒಳಗೆ ಹೋದರೆ, ಇಷ್ಟು ವರ್ಷ ನಾನು ಮಾಡಿದ್ದಕ್ಕೆ ಬೆಲೆಯಿಲ್ಲವೆಂದು ನಾನೇ ಒಪ್ಪಿಕೊಂಡಂತೆ.”

ಈ ದೂರಿನಲ್ಲಿ ಬಹುಪಾಲು ಸತ್ಯವಿದೆ. ಅದನ್ನು ಒಪ್ಪದ ಪ್ರಸಂಗ ಅಣ್ಣನ ಕಡೆಯಿಂದ ಮಾಡಿದ್ದೆಂದು ಹೇಳಿಕೊಂಡರೂ ಅವನನ್ನು ಖಳನಾಯಕನಾಗಿಯೇ ನಿಲ್ಲಿಸುತ್ತದೆ. ಕೇಳುತ್ತ ಕೂತವರಲ್ಲಿ ಮನೆಯ ಭಾರ ಹೊತ್ತವರು ಅಲ್ಲಿಗೇ ಮನಸ್ಸು ಮುಚ್ಚಿಕೊಳ್ಳುತ್ತಾರೆ.

ಸತ್ಯದ ಜೊತೆ ಬಿರುಕೂ ಇದೆ, ಅದನ್ನು ಲೂಕ ಅವನ ಮಾತಿನಲ್ಲೇ ತೋರಿಸುತ್ತಾನೆ. ತಮ್ಮ ಆಸ್ತಿಯನ್ನು ವೇಶ್ಯೆಯರ ಮೇಲೆ ಸುರಿದನೆಂದು ಅಣ್ಣ ಹೇಳುತ್ತಾನೆ. ಆದರೆ ಕಥೆಯ ಮೊದಲ ಭಾಗದಲ್ಲಿ ತಮ್ಮ ದುಂದು ಮಾಡಿದ ಎಂದಷ್ಟೇ ಇದೆ, ವೇಶ್ಯೆಯರ ಸುದ್ದಿ ಎಲ್ಲೂ ಇಲ್ಲ. ಅಣ್ಣ ಇನ್ನೂ ತಮ್ಮನ ಮುಖವನ್ನೇ ನೋಡಿಲ್ಲ. ಇದು ಅವನಿಗೆ ಗೊತ್ತಿದ್ದ ಸಂಗತಿಯೋ, ಇಷ್ಟು ವರ್ಷ ಒಬ್ಬನೇ ಮನಸ್ಸಿನಲ್ಲಿ ಬೆಳೆಸಿಕೊಂಡ ಚಿತ್ರವೋ? ಇನ್ನೊಂದು, ಅವನು ಬಯಸಿದ ಊಟದಲ್ಲಿ ಗೆಳೆಯರಿದ್ದಾರೆ, ಅಪ್ಪನಿಗೆ ಜಾಗವಿಲ್ಲ. ಹಿಂಡೆಲ್ಲ ಅವನದೇ ಆಗಿದ್ದಾಗಲೂ ಮರಿಯೊಂದನ್ನು ಬಾಯಿಬಿಟ್ಟು ಕೇಳಿದ ಸೂಚನೆಯೂ ಇಲ್ಲ. ಮಗನಾಗಿ ಬದುಕಬಹುದಾಗಿದ್ದ ಮನೆಯಲ್ಲಿ ಅವನು ಕೂಲಿಯವನ ಹಾಗೆ ದಿನ ಎಣಿಸುತ್ತ ದುಡಿದಿದ್ದಾನೆ. ಇತ್ತ ತಮ್ಮ ಕೂಲಿಯವನಾದರೂ ಆಗುತ್ತೇನೆಂದು ಮನಸ್ಸಿನಲ್ಲಿ ಅಂದುಕೊಂಡು ಬಂದವನು. ಇಬ್ಬರೂ ಅಪ್ಪನನ್ನು ಒಬ್ಬ ಧಣಿ ಎಂದೇ ತಿಳಿದಿದ್ದರು. ನನಗೆ ಈ ಕಥೆಯಲ್ಲಿ ಅತ್ಯಂತ ದುಃಖದ ಸಂಗತಿ ಇದೇ.

ಅಪ್ಪ ಅಣ್ಣನಿಗಾಗಿಯೂ ಹೊರಗೆ ಬರುತ್ತಾನೆ. ಕರೆದ ನೆಂಟರನ್ನು ಒಳಗೆ ಬಿಟ್ಟು, ಮುನಿದ ಮಗನನ್ನು ಬೇಡಿಕೊಳ್ಳುತ್ತಾನೆ. ಮಗನ ದುಡಿಮೆಯನ್ನು ಅವನು ಅಲ್ಲಗಳೆಯುವುದಿಲ್ಲ, ಒರಟು ಮಾತಿಗೆ ಗದರುವುದೂ ಇಲ್ಲ. ತನ್ನದೆಲ್ಲ ಅವನದೇ ಎನ್ನುತ್ತಾನೆ. ಅಣ್ಣ ‘ನಿನ್ನ ಮಗ’ ಎಂದು ದೂರ ತಳ್ಳಿದವನನ್ನು ‘ನಿನ್ನ ತಮ್ಮ’ ಎಂದು ಕರೆದು ಮತ್ತೆ ಅವನ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ.

ಯೇಸು ಈ ಕಥೆ ಹೇಳಿದ್ದು ಯಾರಿಗೆ ಎಂಬುದು ಅಧ್ಯಾಯದ ಮೊದಲಲ್ಲೇ ಇದೆ. ಸುಂಕದವರ ಜೊತೆ, ಪಾಪಿಗಳೆನಿಸಿಕೊಂಡವರ ಜೊತೆ ಅವನು ಕೂತು ಉಣ್ಣುವುದನ್ನು ಕಂಡು ಫರಿಸಾಯರೂ ಶಾಸ್ತ್ರಿಗಳೂ ಗೊಣಗುತ್ತಾರೆ. ಅವರಿಗೆ ಕೊಟ್ಟ ಉತ್ತರ ಇದು. ಅಂದರೆ ಹೊರಗೆ ನಿಂತ ಅಣ್ಣ ಅವರೇ, ಬೇಡಿಕೊಳ್ಳುವ ಅಪ್ಪನ ಮಾತು ಅವರಿಗಾಗಿ. ಕಥೋಲಿಕ ಚರ್ಚುಗಳಲ್ಲಿ ಮೂರು ವರ್ಷಕ್ಕೊಮ್ಮೆ ತಪಸ್ಸುಕಾಲದ ನಾಲ್ಕನೇ ಭಾನುವಾರ ಈ ಭಾಗವನ್ನು ಓದುತ್ತಾರೆ, 2025ರಲ್ಲಿ ಅದು ಮಾರ್ಚ್ 30ರಂದು ಬಂತು. ಅಂದಿನ ಓದಿನಲ್ಲಿ ಗೊಣಗಿದವರ ವಚನಗಳೂ ಸೇರಿರುವುದು ಸರಿಯಾಗಿದೆ. ಆದರೆ ಇಲ್ಲೊಂದು ಹಳೆಯ ಅಪಾಯವಿದೆ. ಅಣ್ಣನೆಂದರೆ ಯೆಹೂದ್ಯರು, ತಮ್ಮನೆಂದರೆ ಕ್ರೈಸ್ತರು ಎಂದು ಶತಮಾನಗಳ ಕಾಲ ಬೋಧಿಸಿದವರಿದ್ದಾರೆ. ಅಂಥ ಓದು ಒಂದು ಜನಾಂಗವನ್ನೇ ಹೊರಗೆ ನಿಲ್ಲಿಸಿತು. ಫರಿಸಾಯರು ಧರ್ಮವನ್ನು ಶ್ರದ್ಧೆಯಿಂದ ಪಾಲಿಸಿದವರು. ವಾರವಾರ ತಪ್ಪದೆ ಚರ್ಚಿಗೆ ಬರುವ ಇಂದಿನ ಕ್ರೈಸ್ತನೇ ಅವರಿಗೆ ಹತ್ತಿರದ ನೆಂಟ.

ಹೆನ್ರಿ ನೌವೆನ್ ಎಂಬ ಡಚ್ ಪಾದ್ರಿಗೆ ಇದು ತಡವಾಗಿ ತಿಳಿಯಿತು. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿರುವ ರೆಂಬ್ರಾಂಟನ ಚಿತ್ರವನ್ನು ನೋಡಿ ಆತ ತನ್ನನ್ನು ಮರಳಿ ಬಂದ ತಮ್ಮನೆಂದೇ ಭಾವಿಸಿದ್ದ. ನೀನು ಅಣ್ಣನ ಹಾಗೇ ಇದ್ದೀಯಲ್ಲ ಎಂಬರ್ಥದ ಮಾತನ್ನು ಗೆಳೆಯನೊಬ್ಬ ಆಡಿದ ಮೇಲೆ, ಮನೆಯ ಹಿರಿಮಗನೂ ಆಗಿದ್ದ ನೌವೆನ್ ಆ ಚಿತ್ರವನ್ನು ಹೊಸದಾಗಿ ನೋಡಿದ. 1992ರಲ್ಲಿ ಬಂದ ಅವನ ಪುಸ್ತಕದಲ್ಲಿ ಅದರ ವಿವರವಿದೆ. ಚಿತ್ರದ ಬಲಬದಿಯಲ್ಲಿ ಕೆಂಪು ಮೇಲಂಗಿ ತೊಟ್ಟು, ಕೈ ಕಟ್ಟಿ ನಿಂತ ಆಕೃತಿಯನ್ನು ಸಾಮಾನ್ಯವಾಗಿ ಅಣ್ಣನೆಂದು ಗುರುತಿಸುತ್ತಾರೆ. ಲೂಕನ ಪ್ರಕಾರ ಆ ಗಳಿಗೆಯಲ್ಲಿ ಅಣ್ಣ ಅಲ್ಲಿರಲೇ ಇಲ್ಲ. ಅವನಿಲ್ಲದೆ ಚಿತ್ರ ಪೂರ್ಣವಾಗದೆಂದು ರೆಂಬ್ರಾಂಟನಿಗೆ ಅನ್ನಿಸಿರಬೇಕು.

ಅಣ್ಣ ಒಳಗೆ ಹೋದನೇ? ಲೂಕ ಹೇಳಿಲ್ಲ. ಅಪ್ಪನ ಮಾತಿನೊಂದಿಗೆ ಅಧ್ಯಾಯ ನಿಲ್ಲುತ್ತದೆ. ಎಷ್ಟೋ ಬೋಧಕರು ಈ ಮೌನವನ್ನು ತಾಳಲಾರದೆ ಅಣ್ಣತಮ್ಮಂದಿರನ್ನು ತಬ್ಬಿಸಿ ಕಳಿಸುತ್ತಾರೆ. ಅದು ಕಥೆಗೆ ಮಾಡುವ ಅನ್ಯಾಯ, ಕೇಳುವವರಿಗೂ ಅನ್ಯಾಯ. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಂಡ ಮಗಳು ಅಲ್ಲಿ ಕೂತಿರಬಹುದು. ಪಾಲಿನ ಹೊತ್ತಿಗೆ ಮಾತ್ರ ಊರಿಗೆ ಬಂದ ಅಣ್ಣ ಅವಳಿಗಿರಬಹುದು. ಕ್ಷಮಿಸಿಬಿಡು, ಹಕ್ಕನ್ನೂ ಬಿಡು ಎಂದು ಅವಳಿಗೆ ಈ ಕಥೆಯ ಹೆಸರಿನಲ್ಲಿ ಹೇಳಲು ಬರುವುದಿಲ್ಲ. ಉಂಗುರ ಅಧಿಕಾರದ ಗುರುತು ಎನ್ನುವವರು ಇದ್ದಾರೆ, ನಿಜ. ಆದರೆ ಅಪ್ಪ ಮರಳಿ ಬಂದವನಿಗೆ ಬಟ್ಟೆ ಕೊಟ್ಟ, ಊಟ ಕೊಟ್ಟ, ಮಗನೆಂಬ ಸ್ಥಾನ ಕೊಟ್ಟ. ಜಮೀನನ್ನು ಎರಡನೇ ಸಲ ಪಾಲು ಮಾಡಿದನೆಂದು ಕಥೆಯಲ್ಲಿಲ್ಲ. ಅಣ್ಣನ 20 ಎಕರೆ ಅಣ್ಣನದಾಗಿಯೇ ಉಳಿಯಿತು. ಅಪ್ಪ ಅವನಿಂದ ಕೇಳಿದ್ದು ಒಳಗೆ ಬಂದು ಜೊತೆಗೆ ಕೂತು ಉಣ್ಣು ಎಂಬುದನ್ನು ಮಾತ್ರ.