23 ಗಂಟೆ 45 ನಿಮಿಷದ ಪರೀಕ್ಷೆ

ಓಎಸ್‌ಸಿಪಿ ಪರೀಕ್ಷೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಮರುದಿನ ಬೆಳಿಗ್ಗೆ 8:45ಕ್ಕೆ ಮುಗಿಯುತ್ತದೆ. ಪ್ರಶ್ನೆಪತ್ರಿಕೆ ಇರುವುದಿಲ್ಲ. ಆರು ಕಂಪ್ಯೂಟರ್‌ಗಳ ವಿಳಾಸ ಕೊಟ್ಟು, ಇವುಗಳೊಳಗೆ ನುಗ್ಗಿ ತೋರಿಸಿ ಎನ್ನುತ್ತಾರೆ. ಬರೆಯುವವರು ಮನೆಯಲ್ಲೇ ಕೂತಿರುತ್ತಾರೆ. ವೆಬ್‌ಕ್ಯಾಮ್ ಮತ್ತು ಪರದೆಯ ಮೂಲಕ ಮೇಲ್ವಿಚಾರಕರು ಅಷ್ಟೂ ಹೊತ್ತು ನೋಡುತ್ತಿರುತ್ತಾರೆ. ಕಾಲಿ ಲಿನಕ್ಸ್ ರೂಪಿಸಿದ ಆಫ್‌ಸೆಕ್ ಸಂಸ್ಥೆಯೇ ಈ ಪರೀಕ್ಷೆಯನ್ನೂ ನಡೆಸುತ್ತದೆ. ಕಂಪನಿಗಳ ಒಪ್ಪಿಗೆ ಪಡೆದು ಅವುಗಳ ಜಾಲದಲ್ಲಿ ಕಳ್ಳದಾರಿ ಹುಡುಕುವ ಕೆಲಸಕ್ಕೆ ಸೇರಬೇಕೆನ್ನುವ ನಮ್ಮ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಇದಕ್ಕಾಗಿ ತಿಂಗಳುಗಟ್ಟಲೆ ತಯಾರಿ ನಡೆಸುತ್ತಾರೆ.

ಒಟ್ಟು 100 ಅಂಕ, ಪಾಸಾಗಲು 70 ಬೇಕು. ಆರರಲ್ಲಿ ಮೂರು ಕಂಪ್ಯೂಟರ್‌ಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಆಫೀಸುಗಳಲ್ಲಿ ಎಲ್ಲರ ಲಾಗಿನ್ ನಿಭಾಯಿಸುವ ಆಕ್ಟಿವ್ ಡೈರೆಕ್ಟರಿ ವ್ಯವಸ್ಥೆಯದೇ ಪುಟ್ಟ ನಮೂನೆ ಅದು, ಅದಕ್ಕೆ 40 ಅಂಕ. 2024ರ ನವೆಂಬರ್‌ನಿಂದ ಈ ಭಾಗಕ್ಕೆ ಒಬ್ಬ ಸಾಮಾನ್ಯ ನೌಕರನ ಹೆಸರು, ಪಾಸ್‌ವರ್ಡ್ ಮೊದಲೇ ಕೊಡುತ್ತಾರೆ. ಉಳಿದ ಮೂರು ಬಿಡಿ ಯಂತ್ರಗಳಿಗೆ ತಲಾ 20. ಒಳಗೆ ಕಾಲಿಟ್ಟರೆ 10, ಅಲ್ಲಿಂದ ಯಂತ್ರದ ಪೂರ್ಣ ಅಧಿಕಾರ ಹಿಡಿದರೆ ಇನ್ನೊಂದು 10. ಆಕ್ಟಿವ್ ಡೈರೆಕ್ಟರಿಯನ್ನು ಪೂರ್ತಿ ಗೆದ್ದವರಿಗೆ ಬಿಡಿ ಯಂತ್ರಗಳಿಂದ 30 ಅಂಕ ಬಂದರೆ ಸಾಕು. ಹಾಗಾಗಿ ಮೊದಲ ಕೆಲವು ಗಂಟೆಗಳನ್ನು ಅದಕ್ಕೇ ಕೊಡುವುದು ಜಾಣತನ ಅನ್ನುವುದು ನನ್ನ ಅಭಿಪ್ರಾಯ. ಆ ಹೊತ್ತಿನಲ್ಲಿ ಬಿಡಿ ಯಂತ್ರಗಳ ಸ್ಕ್ಯಾನ್ ಹಿಂದಿನಿಂದ ತನ್ನಷ್ಟಕ್ಕೆ ಓಡುತ್ತಿರಲಿ.

ಒಂದು ಯಂತ್ರಕ್ಕೆ ಎಷ್ಟು ಹೊತ್ತು ಕೊಡಬೇಕು ಎಂಬ ಪ್ರಶ್ನೆ ಎಲ್ಲರಿಗೂ ಇದೆ. ಎರಡು ಗಂಟೆ, ಮೂರು ಗಂಟೆ ಎಂದು ಗೆರೆ ಎಳೆದುಕೊಂಡವರು ಆ ಗೆರೆಯನ್ನು ತಾವೇ ದಾಟುತ್ತಾರೆ, ಏಕೆಂದರೆ ಇನ್ನೇನು ಬಾಗಿಲು ತೆರೆಯಿತು ಅನ್ನುವ ಭಾವನೆ ಸದಾ ಇರುತ್ತದೆ. ಅದಕ್ಕಿಂತ ನಂಬಬಹುದಾದ ಅಳತೆ ಇನ್ನೊಂದಿದೆ: ಕಳೆದ ಒಂದು ಗಂಟೆಯಲ್ಲಿ ಈ ಯಂತ್ರದ ಬಗ್ಗೆ ಹೊಸದಾಗಿ ಏನು ತಿಳಿಯಿತು? ಏನೂ ಇಲ್ಲವೆಂದರೆ ಎದ್ದು ಬೇರೆ ಯಂತ್ರಕ್ಕೆ ಹೋಗಬೇಕು. ಈ ಪ್ರಶ್ನೆಗೆ ನೆನಪು ಸರಿಯಾಗಿ ಉತ್ತರಿಸುವುದಿಲ್ಲ. ಟಿಪ್ಪಣಿ ಉತ್ತರಿಸುತ್ತದೆ.

ಅಭ್ಯಾಸಕ್ಕೆಂದು ಕಟ್ಟಿದ ಒಂದು ಲಿನಕ್ಸ್ ಯಂತ್ರವನ್ನು ತೆಗೆದುಕೊಳ್ಳೋಣ. ಅಭ್ಯಾಸಿಯ ಟಿಪ್ಪಣಿ ಹೀಗಿದೆ. 9:40ಕ್ಕೆ ಸ್ಕ್ಯಾನ್ ಮುಗಿದು ಎರಡು ಪೋರ್ಟ್ ತೆರೆದಿರುವುದು ಕಂಡಿದೆ: 22ರಲ್ಲಿ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್, 80ರಲ್ಲಿ ಒಂದು ವೆಬ್‌ಸೈಟ್. 10:05ಕ್ಕೆ ಸೈಟ್ ನೋಡಿದರೆ ಬರೀ ಸಾದಾ ಪುಟಗಳು. 10:30ಕ್ಕೆ ಅಡಗಿದ ಫೋಲ್ಡರ್‌ಗಳಿಗಾಗಿ ಹುಡುಕಾಟ, ಏನೂ ಸಿಗಲಿಲ್ಲ. 10:50ಕ್ಕೆ ಇನ್ನೂ ದೊಡ್ಡ ಪದಪಟ್ಟಿಯಿಂದ ಅದೇ ಹುಡುಕಾಟ. 11:20ಕ್ಕೆ ಮತ್ತೆ ಅದೇ, ಬೇರೆ ಫೈಲ್ ವಿಸ್ತರಣೆಗಳೊಂದಿಗೆ.

ಕೂತು ಮಾಡುತ್ತಿದ್ದಾಗ ಇದು ದುಡಿಮೆಯೆಂದೇ ಅನ್ನಿಸಿರುತ್ತದೆ. ಕಾಗದದ ಮೇಲೆ ಓದಿದಾಗ ಮಾತ್ರ 10:05ರ ನಂತರ ಒಂದೂ ಹೊಸ ಸಂಗತಿ ಸಿಕ್ಕಿಲ್ಲವೆಂದು ಕಾಣುತ್ತದೆ. ಈ ಅಭ್ಯಾಸಿ ಪ್ರತಿ ಯಂತ್ರದ ಪುಟದ ಕೆಳಗೆ ‘ಇನ್ನೂ ಮಾಡಿಲ್ಲ’ ಎಂಬ ಭಾಗವನ್ನೂ ಇಟ್ಟುಕೊಂಡಿದ್ದರು. ಅಲ್ಲಿ ಒಂದೇ ಸಾಲಿತ್ತು: ಯುಡಿಪಿ ಸ್ಕ್ಯಾನ್.

`nmap` ತಾನಾಗಿ ನೋಡುವುದು ಟಿಸಿಪಿ ಪೋರ್ಟ್‌ಗಳನ್ನು ಮಾತ್ರ. ಯುಡಿಪಿಯನ್ನು ಬೇರೆಯಾಗಿ ಕೇಳಬೇಕು, ಅದು ತುಂಬಾ ನಿಧಾನ. ತೆರೆದ ಯುಡಿಪಿ ಪೋರ್ಟ್ ಎಷ್ಟೋ ಸಲ ಮಾತೇ ಆಡುವುದಿಲ್ಲ, ಮುಚ್ಚಿದ್ದು ಕೊಡುವ ಉತ್ತರಕ್ಕೂ ಲಿನಕ್ಸ್ ಮಿತಿ ಹಾಕಿರುತ್ತದೆ. ಅದಕ್ಕೇ ಜನ ಇದನ್ನು ಮುಂದೂಡಿ ಆಮೇಲೆ ಮರೆಯುತ್ತಾರೆ. ಹೆಚ್ಚು ಬಳಕೆಯ 20 ಪೋರ್ಟ್‌ಗಳನ್ನಷ್ಟೇ ನೋಡುವುದಾದರೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ:

```
sudo nmap -sU --top-ports 20 192.168.50.20
snmpwalk -v2c -c public 192.168.50.20 1.3.6.1.2.1.25.4.2.1.5
```

161ನೇ ಪೋರ್ಟ್ ತೆರೆದಿತ್ತು. ಆಡಳಿತಗಾರರು ಯಂತ್ರದ ಆರೋಗ್ಯವನ್ನು ದೂರದಿಂದ ವಿಚಾರಿಸಿಕೊಳ್ಳಲು ಬಳಸುವ ಎಸ್‌ಎನ್‌ಎಂಪಿ ಸೇವೆ ಅದು. ಅದರ ಗುಪ್ತಪದವನ್ನು ಯಾರೂ ಬದಲಿಸದೆ `public` ಎಂದೇ ಬಿಟ್ಟಿದ್ದರು, ಏನೇನು ತೋರಿಸಬಹುದು ಎಂಬುದಕ್ಕೂ ಕಡಿವಾಣ ಹಾಕಿರಲಿಲ್ಲ. ಎರಡನೇ ಆಜ್ಞೆಯಲ್ಲಿರುವ ಉದ್ದದ ಸಂಖ್ಯೆ ಕೇಳುವುದು, ಈಗ ಓಡುತ್ತಿರುವ ಪ್ರೋಗ್ರಾಂಗಳನ್ನು ಯಾವ ಯಾವ ಆಯ್ಕೆ ಕೊಟ್ಟು ಶುರು ಮಾಡಲಾಗಿದೆ ಎಂದು. ಬ್ಯಾಕಪ್ ಸ್ಕ್ರಿಪ್ಟ್ ಒಂದರ ಸಾಲಿನಲ್ಲಿ ಬಳಕೆದಾರನ ಹೆಸರು, ಪಕ್ಕದಲ್ಲೇ ಪಾಸ್‌ವರ್ಡ್. ಅದೇ ಪಾಸ್‌ವರ್ಡ್ ಎಸ್‌ಎಸ್‌ಎಚ್‌ಗೂ ಹೊಂದಿತು. ಒಳಗೆ ಹೋದ ಮೇಲೆ `sudo -l` ಕೊಟ್ಟಾಗ, ಆ ಬಳಕೆದಾರ `find` ಆಜ್ಞೆಯನ್ನು ಪಾಸ್‌ವರ್ಡ್ ಇಲ್ಲದೆ ರೂಟ್ ಅಧಿಕಾರದಲ್ಲಿ ಓಡಿಸಬಹುದೆಂದು ತಿಳಿಯಿತು. `find` ಒಳಗಿಂದಲೇ ಬೇರೆ ಪ್ರೋಗ್ರಾಂ ಕರೆಯಬಹುದಾದ್ದರಿಂದ ಪೂರ್ಣ ಅಧಿಕಾರಕ್ಕೆ ಉಳಿದದ್ದು ಒಂದೇ ಸಾಲು.

ಟಿಪ್ಪಣಿ ಬರೆಯಲು ಒಬ್ಸಿಡಿಯನ್ ಆದೀತು, ಚೆರ್ರಿಟ್ರೀ ಆದೀತು, ಸಾದಾ ಪಠ್ಯದ ಫೈಲೂ ಆದೀತು. ಮುಖ್ಯವಾದದ್ದು ಸಾಲಿನ ರೂಪ: ಹೊತ್ತು, ಕೊಟ್ಟ ಆಜ್ಞೆ ಇದ್ದ ಹಾಗೇ, ಅದರಿಂದ ತಿಳಿದದ್ದು. ವಿಫಲವಾದದ್ದನ್ನೂ ಬರೆಯಬೇಕು. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಅದನ್ನೇ ಮತ್ತೆ ಮಾಡುತ್ತೀರಿ. ಸಿಕ್ಕ ಹೆಸರು, ಪಾಸ್‌ವರ್ಡ್‌ಗಳಿಗೆಲ್ಲ ಒಂದೇ ಪುಟ ಇರಲಿ. ಯಾವುದನ್ನು ಎಲ್ಲೆಲ್ಲಿ ಪ್ರಯತ್ನಿಸಿದೆ ಎಂಬುದೂ ಅಲ್ಲೇ ದಾಖಲಾಗಲಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಯಂತ್ರದಲ್ಲಿ ಸಿಕ್ಕ ಪಾಸ್‌ವರ್ಡ್ ಇನ್ನೊಂದರ ಬೀಗ ತೆಗೆಯುವುದು ಸಾಮಾನ್ಯ, ಆ ಪುಟವಿಲ್ಲದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಸ್ಕ್ರೀನ್‌ಶಾಟ್ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ಒಳಹೊಕ್ಕಿದ್ದಕ್ಕೆ ಸಾಕ್ಷಿ `local.txt`, ಪೂರ್ಣ ಅಧಿಕಾರಕ್ಕೆ `proof.txt`. ಫೈಲಿನ ಒಳಗಿನ ಅಕ್ಷರಸಾಲು ಮತ್ತು ಯಂತ್ರದ ಐಪಿ ವಿಳಾಸ ಚಿತ್ರದಲ್ಲಿ ಕಾಣಬೇಕು. ಫೈಲನ್ನು ಅದರ ಮೂಲ ಜಾಗದಿಂದಲೇ, ಆಜ್ಞೆ ಕೊಟ್ಟು ಉತ್ತರ ಪಡೆಯಬಲ್ಲ ಶೆಲ್‌ನಲ್ಲಿ ತೆರೆದಿರಬೇಕು. ಬ್ರೌಸರಿನಲ್ಲಿ ವೆಬ್‌ಶೆಲ್ ಮೂಲಕ ಓದಿ ತೋರಿಸಿದರೆ ಅಂಕ ಸೊನ್ನೆ. ಸಿಕ್ಕ ಸಾಲನ್ನು ಹೊತ್ತು ಮುಗಿಯುವುದರೊಳಗೆ ಪರೀಕ್ಷೆಯ ಕಂಟ್ರೋಲ್ ಪ್ಯಾನೆಲ್‌ನಲ್ಲಿಯೂ ನಮೂದಿಸಿರಬೇಕು. ಹಾಗಾಗಿ ಅಭ್ಯಾಸದ ಯಂತ್ರಗಳಲ್ಲಿಯೂ ಪ್ರತಿ ಸಲ ಇದೇ ಸಾಲನ್ನು ಬರೆದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು:

```
hostname; whoami; ip a; cat local.txt
```

ಸಲಕರಣೆಗಳಿಗೂ ಕಟ್ಟುಪಾಡಿದೆ. `sqlmap` ಬಳಸುವಂತಿಲ್ಲ, ಮೆಟಾಸ್ಪ್ಲಾಯಿಟ್ ಒಂದೇ ಯಂತ್ರದ ಮೇಲೆ. ಅದನ್ನು ಒಂದು ಕಡೆ ಪ್ರಯೋಗಿಸಿ ವಿಫಲವಾದರೂ ಅವಕಾಶ ಮುಗಿದಂತೆಯೇ.

ನಿದ್ದೆಯನ್ನು ಯೋಜನೆಯಲ್ಲೇ ಸೇರಿಸಿಕೊಳ್ಳಬೇಕು. ಮೇಲ್ವಿಚಾರಕರಿಗೆ ತಿಳಿಸಿ ಎಷ್ಟು ಸಲ ಬೇಕಾದರೂ ಎದ್ದು ಹೋಗಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ರಾತ್ರಿ ಒಂದರಿಂದ ಐದರವರೆಗೆ ಮಲಗಿದವರಿಗೂ ಕೆಲಸಕ್ಕೆ ಹತ್ತೊಂಬತ್ತು ಮುಕ್ಕಾಲು ಗಂಟೆ ಉಳಿಯುತ್ತದೆ.

ಎದ್ದ ಮೇಲೆ ಕೊನೆಯ ಎರಡು ಗಂಟೆಯನ್ನು ಹೊಸ ಬೇಟೆಗೆ ಬಳಸುವುದಕ್ಕಿಂತ ತಪಾಸಣೆಗೆ ಇಡುವುದು ಮೇಲು. ಗೆದ್ದ ಯಂತ್ರವನ್ನು ಮೊದಲ ಸ್ಥಿತಿಗೆ ಮರಳಿಸಿ, ಟಿಪ್ಪಣಿಯನ್ನಷ್ಟೇ ನೋಡಿಕೊಂಡು ಮತ್ತೆ ಒಳಗೆ ಹೋಗಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ. 8:45ಕ್ಕೆ ವಿಪಿಎನ್ ಸಂಪರ್ಕ ಕಡಿದ ಮೇಲೆ ಬಿಟ್ಟುಹೋದ ಚಿತ್ರವನ್ನು ಎಲ್ಲಿಂದಲೂ ತರಲಾಗದು.

ಅಲ್ಲಿಂದ ವರದಿಗೆ ಮತ್ತೆ 24 ಗಂಟೆ. ಓದುವವರು ಪ್ರತಿ ಹೆಜ್ಜೆಯನ್ನೂ ತಾವೇ ಮಾಡಿ ಅದೇ ಫಲ ಪಡೆಯುವಂತೆ ಅದು ಇರಬೇಕು. ಮೇಲಿನ ಯಂತ್ರದ ವರದಿಯಲ್ಲಿ ‘ಎಸ್‌ಎನ್‌ಎಂಪಿಯಿಂದ ಪಾಸ್‌ವರ್ಡ್ ಸಿಕ್ಕಿತು’ ಎಂದು ಬರೆದರೆ ಸಾಲದು. ಆ ಆಜ್ಞೆ, ಬಂದ ಉತ್ತರ, ಉತ್ತರದಲ್ಲಿ ಯಾವ ಸಾಲು ಎಂಬುದು, ಅದರ ಚಿತ್ರ ಎಲ್ಲವೂ ಬೇಕು. ಹೆಜ್ಜೆಗಳು ಸ್ಪಷ್ಟವಾಗಿಲ್ಲದಿದ್ದರೆ ಒಳಹೊಕ್ಕ ಯಂತ್ರಕ್ಕೂ ಅಂಕ ಕತ್ತರಿಸುತ್ತಾರೆ. ಪಿಡಿಎಫ್ ಮಾಡಿ, ಪಾಸ್‌ವರ್ಡ್ ಹಾಕದ `.7z` ಕಡತದಲ್ಲಿಟ್ಟು, ಕಳಿಸುವ ಮುನ್ನ ಒಮ್ಮೆ ಬಿಚ್ಚಿ ಎಲ್ಲ ಪುಟಗಳೂ ತೆರೆಯುತ್ತವೆಯೇ ಎಂದು ನೋಡಬೇಕು.