ಎಷ್ಟು ಮಕ್ಕಳು, ಎಷ್ಟು ಶಾಲೆಗಳು?

ಒಂದೇ ಶಾಲೆಯ ಮಕ್ಕಳಿಗೆ ಮೇಷ್ಟ್ರು ಅವರೇ, ಊರೂ ಹೆಚ್ಚುಕಮ್ಮಿ ಅದೇ. ಹಾಗಾಗಿ ಅವರ ಅಂಕಗಳು ಒಂದಿಷ್ಟು ಒಟ್ಟಿಗೇ ಏರಿಳಿಯುತ್ತವೆ. ಈ ಹೋಲಿಕೆಯ ಅಳತೆಯೇ ಗುಂಪಿನೊಳಗಿನ ಸಹಸಂಬಂಧ. ಹೊಸ ಬೋಧನಾ ಕ್ರಮವನ್ನು ಚೀಟಿ ಎತ್ತಿ ಇಡೀ ಶಾಲೆಗಳಿಗೇ ಹಂಚುವ ಪ್ರಯೋಗದಲ್ಲಿ ಇದನ್ನು ಮರೆತರೆ ಲೆಕ್ಕ ಕೈಕೊಡುತ್ತದೆ.

ಎರಡು ಬಣಗಳ ನಡುವೆ ಕಾಲು ಮಾನಕ ವಿಚಲನೆಯಷ್ಟು ನಿಜವಾದ ವ್ಯತ್ಯಾಸವಿದ್ದರೆ, ಶೇ. 5ರ ಪರೀಕ್ಷೆಯಲ್ಲಿ ಅದು ನೂರಕ್ಕೆ 80 ಸಲ ಪತ್ತೆಯಾಗಬೇಕು ಎಂದಿಟ್ಟುಕೊಳ್ಳೋಣ. ಮಕ್ಕಳನ್ನು ಒಬ್ಬೊಬ್ಬರಾಗಿ ಹಂಚುವುದಾದರೆ ಬಣಕ್ಕೆ 252 ಮಂದಿ ಸಾಕು. ಶಾಲೆಗೆ 30 ಮಕ್ಕಳು, ಸಹಸಂಬಂಧ 0.2 ಆದಾಗ ಈ ಸಂಖ್ಯೆಯನ್ನು 1 + (30 − 1) × 0.2, ಅಂದರೆ 6.8ರಿಂದ ಗುಣಿಸಬೇಕು. ಆಗ ಬಣಕ್ಕೆ ಸುಮಾರು 1,714 ಮಕ್ಕಳು, ಅಂದರೆ 58 ಶಾಲೆಗಳು ಬೇಕು.

ಶಾಲೆಗೆ 60 ಮಕ್ಕಳನ್ನು ಪರೀಕ್ಷಿಸಿದರೆ? ದುಡಿಮೆ ಹೆಚ್ಚುಕಮ್ಮಿ ಇಮ್ಮಡಿ, ಉಳಿಯುವುದು ಬರೀ ನಾಲ್ಕು ಶಾಲೆ. ಇನ್ನೂ ಕಟುವಾದ ಮಿತಿಯೊಂದಿದೆ: 252 × 0.2 = 50.4. ಬಣಕ್ಕೆ 50 ಶಾಲೆಗಳಷ್ಟೇ ಸಿಕ್ಕರೆ, ಪ್ರತಿ ಶಾಲೆಯಲ್ಲಿ ಸಾವಿರ ಮಕ್ಕಳಿದ್ದರೂ ಗುರಿ ಮುಟ್ಟದು.

ಶಾಲೆಗಳು ಕಡಿಮೆಯಿದ್ದಾಗ ಅವುಗಳ ನಡುವಿನ ಏರುಪೇರಿನ ಅಂದಾಜೂ ಅಲುಗಾಡುತ್ತದೆ. ಅದಕ್ಕಾಗಿ ಬಣಕ್ಕೆ ಒಂದು ಶಾಲೆ ಸೇರಿಸುವುದು ರೂಢಿ; ಇಲ್ಲಿ 59.