ತಾರೀಖು ನೋಡಿ ಮಾರುವುದೋ, ತೂಕ ನೋಡಿ ಮಾರುವುದೋ?

2019ರ ಡಿಸೆಂಬರ್ 31ರಂದು ನಿಫ್ಟಿ 12,168ರಲ್ಲಿತ್ತು. ಮರುವರ್ಷ ಅದೇ ದಿನ 13,981. ಈ ಎರಡು ಅಂಕಿಗಳನ್ನಷ್ಟೇ ನೋಡಿದವರಿಗೆ 2020 ಸಾಧಾರಣ ವರ್ಷವೆನಿಸುತ್ತದೆ. ಆದರೆ ನಡುವೆ, ಮಾರ್ಚ್ 23ರಂದು, ಸೂಚ್ಯಂಕ 7,610ಕ್ಕೆ ಕುಸಿದಿತ್ತು.

ಷೇರಿನಲ್ಲಿ ಶೇ. 60, ಡೆಟ್ ಫಂಡಿನಲ್ಲಿ ಶೇ. 40 ಎಂದು ಹಣ ಹಂಚಿದವರನ್ನು ಊಹಿಸಿಕೊಳ್ಳಿ. ಬೆಲೆಗಳು ಏರಿಳಿದಂತೆ ಈ ಪ್ರಮಾಣ ಕದಲುತ್ತದೆ. ಹಿಗ್ಗಿದ ಭಾಗವನ್ನು ಸ್ವಲ್ಪ ಮಾರಿ, ಕುಗ್ಗಿದ್ದನ್ನು ಕೊಂಡು ಮೊದಲಿನ ಪ್ರಮಾಣಕ್ಕೆ ತರುವುದೇ ರಿಬ್ಯಾಲೆನ್ಸಿಂಗ್. ಅದನ್ನು ಮಾಡಲು ಎರಡು ದಾರಿಗಳಿವೆ: ಗೊತ್ತಾದ ತಾರೀಖಿಗೆ ಮಾಡುವುದು, ಇಲ್ಲವೇ ಪ್ರಮಾಣ ಇಂತಿಷ್ಟು ಅಂಶ ಜಾರಿದಾಗ ಮಾಡುವುದು.

ಡಿಸೆಂಬರ್ ಕೊನೆಗೆ ಮಾತ್ರ ಲೆಕ್ಕ ನೋಡುವವರಿಗೆ 2020ರಲ್ಲಿ ಹೆಚ್ಚಿನ ಕೆಲಸವೇ ಇರಲಿಲ್ಲ, ಪ್ರಮಾಣ ಬಹುತೇಕ ತಾನಾಗಿಯೇ ಸರಿಹೋಗಿತ್ತು. ಮಾರ್ಚ್ 31ನ್ನು ಆಯ್ದುಕೊಂಡವರು ಮಾತ್ರ ನಿಫ್ಟಿ 8,600ರ ಆಸುಪಾಸಿನಲ್ಲಿದ್ದಾಗ ಕೊಂಡರು. ಇಬ್ಬರ ನಿಯಮವೂ ಒಂದೇ, ತಾರೀಖು ಮಾತ್ರ ಬೇರೆ. ಕ್ಯಾಲೆಂಡರ್ ದಾರಿಗೆ ತೆರಬೇಕಾದ ಮೊದಲ ಬೆಲೆ ಇದು: ಫಲಿತಾಂಶದ ಒಂದು ಪಾಲು ತಾರೀಖಿನ ಅದೃಷ್ಟಕ್ಕೆ ಸೇರಿಬಿಡುತ್ತದೆ.

ಐದು ಅಂಶ ಜಾರಿದರೆ ಸರಿಪಡಿಸುತ್ತೇನೆ ಎಂದವರಿಗೆ ಆ ಮಾರ್ಚ್ ತಿಂಗಳು ಬೇರೆಯೇ ಆಗಿತ್ತು. ಮಾರ್ಚ್ 12ರಂದು ನಿಫ್ಟಿ 9,590ಕ್ಕೆ ಇಳಿದಾಗ ಷೇರಿನ ಪಾಲು ಶೇ. 55ರ ಕೆಳಗೆ ಬಂತು. ಡೆಟ್ ಮಾರಿ ಷೇರು ಕೊಳ್ಳಬೇಕಾಯಿತು. ಹನ್ನೊಂದು ದಿನಗಳಲ್ಲಿ ಮಾರುಕಟ್ಟೆ ಇನ್ನೂ ಶೇ. 20ರಷ್ಟು ಬಿದ್ದು, ಅದೇ ಗೆರೆ ಮತ್ತೆ ದಾಟಿತು. ಇನ್ನೊಮ್ಮೆ ಕೊಳ್ಳಬೇಕು, ಅದೂ ಎಲ್ಲರೂ ಮಾರುತ್ತಿರುವಾಗ. ಲೆಕ್ಕ ಅವರ ಪರವಾಗಿತ್ತು, ಆದರೆ ಅಂಥ ದಿನಗಳಲ್ಲಿ ನಿಯಮ ಮುರಿಯದೆ ನಿಲ್ಲುವುದು ಈ ದಾರಿ ಕೇಳುವ ಬೆಲೆ.

ಮೇಲೇರುವ ಮಾರುಕಟ್ಟೆಯಲ್ಲಿ ಬೆಲೆ ತೆರಿಗೆಯ ರೂಪದಲ್ಲಿ ಬರುತ್ತದೆ. 20 ಲಕ್ಷ ರೂಪಾಯಿಯನ್ನು ನಾಲ್ಕು ತಂತ್ರಗಳಿಗೆ ಹಂಚಿದ್ದೇವೆ ಎನ್ನೋಣ: ಇಂಡೆಕ್ಸ್ ಫಂಡಿಗೆ 8 ಲಕ್ಷ, ಏರುಗತಿಯ ಷೇರುಗಳನ್ನು ಹಿಂಬಾಲಿಸುವ ಮೊಮೆಂಟಮ್ ಫಂಡಿಗೆ 4, ಡೆಟ್ ಫಂಡಿಗೆ 6, ಚಿನ್ನಕ್ಕೆ 2. ಒಂಬತ್ತು ತಿಂಗಳಲ್ಲಿ ಮೊಮೆಂಟಮ್ 6 ಲಕ್ಷವಾಯಿತು, ಒಟ್ಟು ಮೊತ್ತ 23.2 ಲಕ್ಷವಾಯಿತು. ಶೇ. 20 ಇರಬೇಕಾದ ಪಾಲು ಸುಮಾರು 26ಕ್ಕೆ ಹೋಗಿದೆ. ಸರಿಪಡಿಸಲು 1.36 ಲಕ್ಷದ ಯೂನಿಟ್‌ಗಳನ್ನು ಮಾರಬೇಕು. ಅದರಲ್ಲಿ ಲಾಭ ಮೂರನೆಯ ಒಂದು ಭಾಗ, ಅಂದರೆ ಸುಮಾರು 45,000 ರೂಪಾಯಿ. ಈಕ್ವಿಟಿ ಫಂಡನ್ನು 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ. 20 ತೆರಿಗೆ, ಜೊತೆಗೆ ಸೆಸ್. ಕೈಬಿಡುವುದು ಸುಮಾರು 9,400 ರೂಪಾಯಿ. 12 ತಿಂಗಳು ದಾಟಿದ ಮೇಲೆ ಮಾರಿದರೆ ಆರ್ಥಿಕ ವರ್ಷವೊಂದರಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯಿಲ್ಲ. ಬೇರೆ ಲಾಭಗಳು ಆ ಮಿತಿಯನ್ನು ತಿಂದಿಲ್ಲವಾದರೆ ಇಲ್ಲಿ ತೆರಿಗೆ ಸೊನ್ನೆ.

ಹಾಗಾದರೆ ಕಾಯಬೇಕೇ? ಉತ್ತರ ಇದೇ ಲೆಕ್ಕದಲ್ಲಿದೆ. 9,400 ಎಂದರೆ ಮಾರಬೇಕಾದ 1.36 ಲಕ್ಷದ ಸುಮಾರು ಶೇ. 7. ಉಳಿದ ಮೂರು ತಿಂಗಳಲ್ಲಿ ಮೊಮೆಂಟಮ್ ಫಂಡ್ ಇತರ ಭಾಗಗಳಿಗಿಂತ ಶೇ. 7ಕ್ಕೂ ಹೆಚ್ಚು ಹಿಂದೆ ಬಿದ್ದರೆ ಮಾತ್ರ ಕಾದದ್ದು ನಷ್ಟ. ಮೊಮೆಂಟಮ್ ಷೇರುಗಳು ಹಠಾತ್ತನೆ ತಿರುಗುವುದುಂಟು, ಹಾಗಾಗಿ ಈ ಅಪಾಯ ನಿಜ. ಆದರೆ ಅವಧಿ ತುಂಬಲು ಎರಡೇ ವಾರ ಉಳಿದಿದ್ದರೆ ಕಾಯುವುದೇ ಲೇಸು, ಹತ್ತು ತಿಂಗಳು ಉಳಿದಿದ್ದರೆ ತೆರಿಗೆ ಕಟ್ಟಿ ಮಾರುವುದೇ ಸರಿಯಾಗಬಹುದು.

ಗೆರೆ ಎಳೆಯುವಾಗ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು, ಎಲ್ಲಕ್ಕೂ ಒಂದೇ ಅಳತೆ. ಶೇ. 10ರ ಚಿನ್ನಕ್ಕೆ ಐದು ಅಂಶವೆಂದರೆ ಅರ್ಧಕ್ಕರ್ಧ ವ್ಯತ್ಯಾಸ. ಐದು ಅಂಶ ಅಥವಾ ಪಾಲಿನ ಶೇ. 25, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಗೆರೆಯಾಗಿಸುವುದು ಬಳಕೆಯಲ್ಲಿರುವ ಪದ್ಧತಿ. ಎರಡನೆಯದು, ತಂತ್ರಗಳನ್ನು ಬಿಡಿಬಿಡಿಯಾಗಿ ಮಾತ್ರ ನೋಡುವುದು. ಇಂಡೆಕ್ಸ್ 44, ಮೊಮೆಂಟಮ್ 23 ಆದಾಗ ಎರಡೂ ತಮ್ಮ ಮಿತಿಯಲ್ಲೇ ಇರುತ್ತವೆ, ಆದರೆ ಒಟ್ಟು ಷೇರಿನ ಪಾಲು 60ರಿಂದ 67ಕ್ಕೆ ಏರಿರುತ್ತದೆ. ಕುಸಿತ ಬಂದರೆ ಎರಡೂ ಒಟ್ಟಿಗೆ ಬೀಳುತ್ತವೆ. ಹಾಗಾಗಿ ಒಟ್ಟು ಷೇರಿಗೂ ಒಂದು ಗೆರೆ ಬೇಕು.

ಸಾಮಾನ್ಯ ಹೂಡಿಕೆದಾರರಿಗೆ ಎರಡೂ ದಾರಿಗಳನ್ನು ಬೆಸೆಯುವುದು ಒಳ್ಳೆಯದು. ತಿಂಗಳಿಗೊಮ್ಮೆ ಗೊತ್ತಾದ ದಿನ ಪ್ರಮಾಣ ನೋಡಿ, ಗೆರೆ ದಾಟಿದ್ದರೆ ಮಾತ್ರ ಕೈಹಾಕಿ. ಮೊದಲು ಹೊಸ ಎಸ್‌ಐಪಿ ಹಣವನ್ನು ಕುಗ್ಗಿದ ಭಾಗಕ್ಕೆ ತಿರುಗಿಸಿ, ಕೊಳ್ಳುವುದಕ್ಕೆ ಲಾಭದ ತೆರಿಗೆಯಿಲ್ಲ. ಅಷ್ಟಕ್ಕೂ ಸಾಲದಿದ್ದರೆ ಮಾರಿ. ಮಾರುವ ಮುನ್ನ ತೆರಿಗೆಯನ್ನೂ ಎಕ್ಸಿಟ್ ಲೋಡನ್ನೂ ಕೂಡಿಸಿ, ಮಾರುವ ಮೊತ್ತದಿಂದ ಭಾಗಿಸಿ. ಹಾಗೆ ಬರುವ ಶೇಕಡಾವಾರು ಅಂಕಿಯೇ, ಕಾಯುವುದು ಎಷ್ಟರವರೆಗೆ ಅಗ್ಗ ಎಂಬುದನ್ನು ಹೇಳುತ್ತದೆ.